ಪಿ-ಮೌಲ್ಯ 0.04: ಅದು ಹೇಳುವುದೇನು, ಹೇಳಲಾರದ್ದೇನು

ಊಹಾ ಪರೀಕ್ಷೆಯ ಹ್ಯಾಂಡ್‌ಔಟ್ ಯಾವ ಕಾಲೇಜಿನದಾದರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಶೂನ್ಯ ಊಹೆಯನ್ನು ಬರೆಯಿರಿ, ಪರ್ಯಾಯ ಊಹೆಯನ್ನು ಬರೆಯಿರಿ, ಆಲ್ಫಾ 0.05 ಎಂದು ಇಟ್ಟುಕೊಳ್ಳಿ, ಸೂತ್ರಕ್ಕೆ ಅಂಕಿಗಳನ್ನು ಹಾಕಿ, ಪಿ-ಮೌಲ್ಯ ತೆಗೆಯಿರಿ, ಅದು 0.05ಕ್ಕಿಂತ ಕಡಿಮೆ ಇದ್ದರೆ ಶೂನ್ಯ ಊಹೆಯನ್ನು ತಿರಸ್ಕರಿಸಿ. ಈ ಕ್ರಮ ಬಾಯಿಪಾಠ ಆದವರಿಗೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆದರೆ ಅವರನ್ನೇ ಕೂರಿಸಿಕೊಂಡು, ಲಸಿಕೆಯ ಪ್ರಯೋಗವೊಂದರಲ್ಲಿ ಪಿ-ಮೌಲ್ಯ 0.04 ಬಂತು, ಹಾಗೆಂದರೇನು ಎಂದು ಕೇಳಿದರೆ ಬಹುಪಾಲು ಸಿಗುವ ಉತ್ತರ ಇದು: ‘ಲಸಿಕೆ ನಿಷ್ಪ್ರಯೋಜಕ ಆಗಿರುವ ಸಾಧ್ಯತೆ ಶೇ 4 ಮಾತ್ರ. ಅಂದರೆ ಅದು ಕೆಲಸ ಮಾಡುತ್ತದೆ ಎನ್ನುವುದು ಶೇ 96 ಖಚಿತ.’

ಈ ಉತ್ತರ ತಪ್ಪು. ಸ್ವಲ್ಪ ತಪ್ಪಲ್ಲ, ಬೇರೆಯೇ ಪ್ರಶ್ನೆಗೆ ಕೊಟ್ಟ ಉತ್ತರ. ಅದು ಎಲ್ಲಿ ದಾರಿ ತಪ್ಪುತ್ತದೆ ಎಂದು ನೋಡಲು ಕಾಲ್ಪನಿಕ ಲೆಕ್ಕಗಳಿಂದಲೇ ಹೊರಡಬೇಕಿಲ್ಲ. 0.04 ಎಂಬ ಇದೇ ಸಂಖ್ಯೆಯ ಸುತ್ತ ನಿಜವಾಗಿಯೂ ದೊಡ್ಡ ಜಗಳ ನಡೆದ ಪ್ರಯೋಗವೊಂದಿದೆ. ಹ್ಯಾಂಡ್‌ಔಟಿನ ಒಂದೊಂದು ಹೆಜ್ಜೆಯನ್ನೂ ಅದರ ಮೇಲೆ ಇಟ್ಟು ನೋಡೋಣ.

ಥಾಯ್ಲೆಂಡಿನ ರಯಾಂಗ್ ಮತ್ತು ಚೊನ್‌ಬುರಿ ಪ್ರಾಂತ್ಯಗಳಲ್ಲಿ 2003ರಲ್ಲಿ ಶುರುವಾದ ಎಚ್‌ಐವಿ ಲಸಿಕೆಯ ಪ್ರಯೋಗ ಅದು. ಆರ್‌ವಿ144 ಎಂದು ಹೆಸರು. ಥಾಯ್ಲೆಂಡಿನ ಆರೋಗ್ಯ ಸಚಿವಾಲಯವೂ ಅಮೆರಿಕದ ಸೇನೆಯ ಸಂಶೋಧಕರೂ ಸೇರಿ ನಡೆಸಿದರು. 18ರಿಂದ 30 ವರ್ಷದ 16,402 ಜನ ಭಾಗವಹಿಸಿದರು. ಚೀಟಿ ಎತ್ತಿದ ಹಾಗೆ, ಯಾರ ಇಷ್ಟಾನಿಷ್ಟಕ್ಕೂ ಬಿಡದೆ, ಅವರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆರು ತಿಂಗಳಲ್ಲಿ ಎರಡು ಬಗೆಯ ಲಸಿಕೆ ಕೊಟ್ಟರು: ಆಲ್‌ವ್ಯಾಕ್ ಎಂಬುದು ನಾಲ್ಕು ಸಲ, ಕೊನೆಯ ಎರಡು ಸಲ ಅದರ ಜೊತೆ ಏಡ್ಸ್‌ವ್ಯಾಕ್ ಎಂಬ ಇನ್ನೊಂದು. ಮತ್ತೊಂದು ಗುಂಪಿಗೆ ನೋಡಲು ಅದೇ ಥರ ಇದ್ದ, ಲಸಿಕೆಯಿಲ್ಲದ ಚುಚ್ಚುಮದ್ದು, ಅಂದರೆ ಪ್ಲಸೀಬೊ. ಯಾರಿಗೆ ಯಾವುದು ಎಂದು ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ, ಚುಚ್ಚಿದವರಿಗೂ ಗೊತ್ತಿಲ್ಲ. ಆಮೇಲೆ ಮೂರು ವರ್ಷ ಎಲ್ಲರ ಮೇಲೂ ನಿಗಾ ಇಟ್ಟರು. ಕೊನೆಗೆ ಲಸಿಕೆ ಪಡೆದ 8,197 ಜನರಲ್ಲಿ 51 ಮಂದಿಗೆ, ಪ್ಲಸೀಬೊ ಪಡೆದ 8,198 ಜನರಲ್ಲಿ 74 ಮಂದಿಗೆ ಎಚ್‌ಐವಿ ಸೋಂಕು ತಗಲಿತ್ತು.

(ಎರಡನ್ನೂ ಕೂಡಿದರೆ 16,395 ಆಗುತ್ತದೆ, 16,402 ಅಲ್ಲ. ಏಳು ಜನ ಎಲ್ಲಿ ಹೋದರು ಎಂದು ಲೆಕ್ಕ ಹಾಕಿದ ಓದುಗರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಆ ಏಳು ಜನರ ಹತ್ತಿರ ಆಮೇಲೆ ಬರುತ್ತೇನೆ.)

ಹ್ಯಾಂಡ್‌ಔಟಿನ ಮೊದಲ ಹೆಜ್ಜೆ ಶೂನ್ಯ ಊಹೆ, H₀. ಇಲ್ಲಿ ಅದು: ಲಸಿಕೆಯಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ, ಎರಡೂ ಗುಂಪಿನವರಿಗೆ ಸೋಂಕು ತಗಲುವ ಸಂಭವ ಒಂದೇ. ನಾವು ತೋರಿಸಬೇಕೆಂದಿರುವುದು ಇದಲ್ಲವಲ್ಲ, ಇದನ್ನೇ ಮೊದಲು ಏಕೆ ಒಪ್ಪಿಕೊಳ್ಳಬೇಕು? ಕಾರಣ ಸರಳ. ‘ಲಸಿಕೆ ಕೆಲಸ ಮಾಡುತ್ತದೆ’ ಎಂಬ ಮಾತಿನಿಂದ ಲೆಕ್ಕ ಹೊರಡುವುದಿಲ್ಲ. ಎಷ್ಟು ಕೆಲಸ ಮಾಡುತ್ತದೆ, ಶೇ 10 ರಕ್ಷಣೆಯೋ ಶೇ 70 ರಕ್ಷಣೆಯೋ ಎಂದು ಅದು ಹೇಳುವುದೇ ಇಲ್ಲ. ‘ವ್ಯತ್ಯಾಸ ಸೊನ್ನೆ’ ಎಂಬ ಮಾತು ಮಾತ್ರ ಖಚಿತವಾದ ಸಂಖ್ಯೆ. ಅದನ್ನು ಹಿಡಿದುಕೊಂಡರೆ ಏನೇನು ಕಾಣಿಸಬೇಕು ಎಂದು ಲೆಕ್ಕ ಹಾಕಬಹುದು. ಹಾಗಾಗಿ ಶೂನ್ಯ ಊಹೆ ಯಾರ ನಂಬಿಕೆಯೂ ಅಲ್ಲ, ಲೆಕ್ಕ ಹೊರಡುವ ಜಾಗ.

ಪರ್ಯಾಯ ಊಹೆ: ಸಂಭವ ಒಂದೇ ಅಲ್ಲ. ‘ಲಸಿಕೆಯ ಗುಂಪಿನಲ್ಲಿ ಕಡಿಮೆ’ ಎಂದಲ್ಲ, ‘ಒಂದೇ ಅಲ್ಲ’ ಎಂದು. ಲಸಿಕೆ ಹಾನಿ ಮಾಡುವ ಸಾಧ್ಯತೆಗೂ ಬಾಗಿಲು ತೆರೆದಿಡಬೇಕಾಗುತ್ತದೆ. ಇದು ಬರೀ ಔಪಚಾರಿಕ ಮಾತಲ್ಲ. 2007ರಲ್ಲಿ ಸ್ಟೆಪ್ ಎಂಬ ಬೇರೊಂದು ಎಚ್‌ಐವಿ ಲಸಿಕೆಯ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಅಲ್ಲಿ ಭಾಗವಹಿಸಿದ ಕೆಲವು ಬಗೆಯ ಪುರುಷರಲ್ಲಿ ಲಸಿಕೆ ಪಡೆದವರಿಗೇ ಸೋಂಕು ಹೆಚ್ಚು ಕಂಡಿತ್ತು. ಪರೀಕ್ಷೆ ಎರಡೂ ಬದಿಯನ್ನು ನೋಡಬೇಕು ಎಂದು ಹ್ಯಾಂಡ್‌ಔಟ್ ಹೇಳುವುದು ಇದಕ್ಕೇ.

ಮೂರನೆಯದು ಆಲ್ಫಾ. ಅಂಕಿಗಳನ್ನು ನೋಡುವ ಮುಂಚೆಯೇ 0.05 ಎಂದು ಗೆರೆ ಎಳೆದುಕೊಳ್ಳುವುದು. ಈ ಗೆರೆ ಪ್ರಕೃತಿ ಎಳೆದದ್ದಲ್ಲ. ಇಪ್ಪತ್ತಕ್ಕೊಂದು ಎಂಬುದು ಅನುಕೂಲಕರವಾದ ಮಿತಿ ಎಂದು ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಬಳಸಿದರು, ಅದು ಹಾಗೆಯೇ ಉಳಿದುಕೊಂಡಿತು. ಹ್ಯಾಂಡ್‌ಔಟುಗಳು ಹೇಳದ ಇನ್ನೊಂದು ಸಂಗತಿಯೂ ಇಲ್ಲಿದೆ. ಪಿ-ಮೌಲ್ಯವನ್ನು ಸಾಕ್ಷ್ಯದ ಅಳತೆಯಾಗಿ ಮುಂದಿಟ್ಟವರು ಫಿಶರ್. ಪರ್ಯಾಯ ಊಹೆ, ಎರಡು ಬಗೆಯ ತಪ್ಪು, ತಿರಸ್ಕರಿಸು ಅಥವಾ ತಿರಸ್ಕರಿಸಬೇಡ ಎಂಬ ತೀರ್ಮಾನದ ನಿಯಮ ಇವೆಲ್ಲ ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ ಅವರವು. ಈ ಎರಡು ಬಣಗಳಿಗೆ ತಮ್ಮ ಕಾಲದಲ್ಲಿ ಒಮ್ಮತವೇ ಇರಲಿಲ್ಲ. ಪಠ್ಯಪುಸ್ತಕಗಳು ಇಬ್ಬರದನ್ನೂ ಸೇರಿಸಿ ಹೊಲಿದು ಒಂದೇ ಪಟ್ಟಿ ಮಾಡಿದವು. ವಿದ್ಯಾರ್ಥಿಗಳ ಗೊಂದಲದಲ್ಲಿ ಒಂದು ಪಾಲು ಈ ಹೊಲಿಗೆಯಿಂದಲೇ ಬಂದದ್ದು ಎಂದು ನನ್ನ ಎಣಿಕೆ. ಆಲ್ಫಾ ಪ್ರಯೋಗಕ್ಕೆ ಮುಂಚೆ ನಾವು ನಿಗದಿ ಮಾಡಿಕೊಳ್ಳುವ ನಿಯಮ. ಪಿ-ಮೌಲ್ಯ ಪ್ರಯೋಗದ ಅಂಕಿಗಳಿಂದ ಹೊರಡುವ ಸಂಖ್ಯೆ. ಎರಡನ್ನೂ ಹೋಲಿಸುತ್ತೇವೆ ಎಂದ ಮಾತ್ರಕ್ಕೆ ಎರಡೂ ಒಂದೇ ಜಾತಿಯವಲ್ಲ.

ಈಗ ಲೆಕ್ಕ. ಶೂನ್ಯ ಊಹೆ ನಿಜ ಎಂದು ಇಟ್ಟುಕೊಳ್ಳಿ. ಒಟ್ಟು 125 ಜನರಿಗೆ ಸೋಂಕು ತಗಲಿದೆ, ಎರಡೂ ಗುಂಪು ಹೆಚ್ಚುಕಡಿಮೆ ಸಮ. ಲಸಿಕೆಯಿಂದ ಏನೂ ಆಗುವುದಿಲ್ಲ ಎಂದಾದರೆ, ಸೋಂಕು ತಗಲಿದ ಒಬ್ಬೊಬ್ಬರೂ ಲಸಿಕೆಯ ಗುಂಪಿನವರೋ ಪ್ಲಸೀಬೊ ಗುಂಪಿನವರೋ ಎಂಬುದು ನಾಣ್ಯ ಚಿಮ್ಮಿದ ಹಾಗೆ. 125 ಸಲ ನಾಣ್ಯ ಚಿಮ್ಮಿದರೆ ಸರಾಸರಿ 62.5 ಸಲ ತಲೆ ಬೀಳಬೇಕು. ಆದರೆ ಪ್ರತಿ ಸಲವೂ ಕರಾರುವಾಕ್ಕಾಗಿ ಅರ್ಧ ಬೀಳುವುದಿಲ್ಲ, ಆಚೀಚೆ ಆಗುತ್ತದೆ. ಎಷ್ಟು ಆಚೀಚೆ ಸಹಜ ಎಂದು ಹೇಳುವುದು ಮಾನಕ ವಿಚಲನೆ. ಸಮ ನಾಣ್ಯಕ್ಕೆ ಅದು 125ರ ವರ್ಗಮೂಲದ ಅರ್ಧ, ಅಂದರೆ 5.59. ನಮಗೆ ಸಿಕ್ಕಿದ್ದು 51. ನಡುವಿನಿಂದ ಎಷ್ಟು ದೂರ?

```
z = (62.5 − 51) / 5.59 = 2.06
```

ಎರಡು ಮಾನಕ ವಿಚಲನೆಗಿಂತ ತುಸು ಹೆಚ್ಚು. ಇದನ್ನು ಪಿ-ಮೌಲ್ಯವಾಗಿ ಬದಲಿಸಲು ಕೋಷ್ಟಕ ನೋಡಬಹುದು, ಇಲ್ಲವೇ ಎಕ್ಸೆಲ್‌ನಲ್ಲಿ ಈ ಸೂತ್ರ ಬರೆಯಬಹುದು:

```
=2*(1-NORM.S.DIST(2.06,TRUE))
```

0.039 ಎಂದು ಉತ್ತರ ಬರುತ್ತದೆ. ಸಂಶೋಧಕರು ಸೋಂಕು ತಗಲಿದ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಇನ್ನೂ ನಯವಾದ ವಿಧಾನ ಬಳಸಿ 0.04 ಎಂದು ಪ್ರಕಟಿಸಿದರು. ನಾಣ್ಯದ ಲೆಕ್ಕವೂ ಅಲ್ಲಿಗೇ ಮುಟ್ಟಿತು. ಆದರೆ ಅದಕ್ಕೆ ಷರತ್ತುಗಳಿವೆ, ಅವುಗಳನ್ನು ಹ್ಯಾಂಡ್‌ಔಟ್ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಗುಂಪುಗಳು ಸಮ ಇರಬೇಕು. ಇಲ್ಲದಿದ್ದರೆ ನಾಣ್ಯವೇ ಒಂದು ಕಡೆಗೆ ವಾಲುತ್ತದೆ. ಸೋಂಕುಗಳು ಒಂದಕ್ಕೊಂದು ತಳುಕು ಹಾಕಿಕೊಂಡಿರಬಾರದು. ಗಂಡ ಹೆಂಡತಿ ಇಬ್ಬರೂ ಪ್ರಯೋಗದಲ್ಲಿದ್ದು ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ಹೋದರೆ ಅದು ಎರಡು ಸ್ವತಂತ್ರ ನಾಣ್ಯಗಳಲ್ಲ.

ಸೂತ್ರದಲ್ಲಿ 2ರಿಂದ ಗುಣಿಸಿದ್ದು ಎರಡೂ ಬದಿಗಾಗಿ: ಲಸಿಕೆಯ ಗುಂಪಿನಲ್ಲಿ 51 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 74 ಅಥವಾ ಅದಕ್ಕಿಂತ ಹೆಚ್ಚು. ‘ಅದಕ್ಕಿಂತ ಕಡಿಮೆ’ ಎಂದು ಬಾಲವನ್ನೆಲ್ಲ ಏಕೆ ಸೇರಿಸಬೇಕು, 51 ಬೀಳುವ ಸಂಭವ ಮಾತ್ರ ನೋಡಿದರೆ ಸಾಲದೇ ಎಂದು ಅನ್ನಿಸಬಹುದು. ಸಾಲದು. 125 ಸಲ ಚಿಮ್ಮಿದಾಗ ಅತಿ ಹೆಚ್ಚು ಸಂಭವವಿರುವ ಫಲಿತಾಂಶ 62 ಅಥವಾ 63. ಸರಿಯಾಗಿ 62 ಬೀಳುವ ಸಂಭವವೂ ಸುಮಾರು ಶೇ 7 ಅಷ್ಟೆ. ಯಾವುದೇ ಒಂದು ನಿರ್ದಿಷ್ಟ ಸಂಖ್ಯೆಯ ಸಂಭವ ಚಿಕ್ಕದೇ ಆಗಿರುತ್ತದೆ, ಆದ್ದರಿಂದ ಅದರಿಂದ ಅಚ್ಚರಿಯನ್ನು ಅಳೆಯಲಾಗದು. ಇಷ್ಟು ದೂರ ಅಥವಾ ಇದಕ್ಕಿಂತ ದೂರ ಎಂದು ಒಟ್ಟಾರೆ ಕೇಳಿದಾಗ ಮಾತ್ರ ಅಳತೆ ಅರ್ಥಪೂರ್ಣ ಆಗುತ್ತದೆ.

ಹಾಗಾದರೆ 0.04 ಎಂದರೆ ಇದು: ಲಸಿಕೆಯಿಂದ ಏನೂ ವ್ಯತ್ಯಾಸ ಆಗುವುದಿಲ್ಲ ಎಂದಿದ್ದು, ಇಂಥದೇ ಪ್ರಯೋಗವನ್ನು ಮತ್ತೆ ಮತ್ತೆ ನಡೆಸಿದ್ದರೆ, ನೂರರಲ್ಲಿ ಸುಮಾರು ನಾಲ್ಕು ಪ್ರಯೋಗಗಳಲ್ಲಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಅದೃಷ್ಟದಿಂದ ಕಾಣಿಸಿಕೊಳ್ಳುತ್ತಿತ್ತು. ಈ ವಾಕ್ಯದ ‘ಎಂದಿದ್ದು’ ಎಂಬ ಪದವನ್ನು ಬಿಡಬಾರದು. ಇಡೀ ಲೆಕ್ಕ ಲಸಿಕೆ ನಿಷ್ಪ್ರಯೋಜಕ ಎಂಬ ಲೋಕದೊಳಗೇ ನಡೆದಿದೆ. ನಾವು ಆ ಲೋಕದಲ್ಲಿದ್ದೇವೆಯೇ ಇಲ್ಲವೇ ಎಂದು ಅದು ಹೇಳಲಾರದು. ಉತ್ತರವನ್ನು ಒಪ್ಪಿಕೊಂಡೇ ಹೊರಟ ಲೆಕ್ಕ ಆ ಉತ್ತರದ ಸಂಭವವನ್ನು ಹೇಗೆ ಹೇಳೀತು?

ಆದರೆ ನಮಗೆಲ್ಲ ಬೇಕಿರುವುದು ಆ ಸಂಭವವೇ. 0.04 ಎಂದು ಕಂಡ ತಕ್ಷಣ ಮನಸ್ಸು ‘ನಿಷ್ಪ್ರಯೋಜಕ ಆಗಿರುವ ಸಂಭವ ಶೇ 4’ ಎಂದು ಓದಿಕೊಳ್ಳುವುದು ಅದಕ್ಕೆ. ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂದು ಒಂದು ಲೆಕ್ಕದಲ್ಲಿ ನೋಡಬಹುದು. ಇದು ಕಲ್ಪಿತ ಲೆಕ್ಕ. ಎಚ್‌ಐವಿಗೆ 1,000 ಹೊಸ ಲಸಿಕೆಗಳನ್ನು ಪ್ರಯೋಗಕ್ಕೆ ಇಟ್ಟಿದ್ದಾರೆ, ಅದರಲ್ಲಿ 100 ನಿಜವಾಗಿ ಫಲಕಾರಿ ಎನ್ನೋಣ. ಪ್ರಯೋಗಗಳು ಸಾಕಷ್ಟು ದೊಡ್ಡವು, ಫಲಕಾರಿ ಲಸಿಕೆಯನ್ನು ಹತ್ತರಲ್ಲಿ ಎಂಟು ಸಲ ಗುರುತಿಸುತ್ತವೆ. ಆಗ 100ರಲ್ಲಿ 80 ಲಸಿಕೆಗಳ ಪಿ-ಮೌಲ್ಯ 0.05ರ ಕೆಳಗೆ ಬರುತ್ತದೆ. ಉಳಿದ 900 ನಿಷ್ಪ್ರಯೋಜಕ. ಅವುಗಳಲ್ಲೂ ಶೇ 5, ಅಂದರೆ 45, ಅದೃಷ್ಟದಿಂದ ಗೆರೆ ದಾಟುತ್ತವೆ. ಅವುಗಳಲ್ಲಿ ಅರ್ಧ ಹಾನಿಯ ಕಡೆಗೆ ವಾಲಿರುತ್ತವೆ, ಸುಮಾರು 22 ಲಸಿಕೆಯ ಪರವಾಗಿ. ಒಟ್ಟು 102 ‘ಗೆದ್ದ’ ಲಸಿಕೆಗಳಲ್ಲಿ 22 ಪೊಳ್ಳು. ಐದರಲ್ಲಿ ಒಂದಕ್ಕಿಂತ ಹೆಚ್ಚು. ಇನ್ನು, 1,000ಕ್ಕೆ 20 ಮಾತ್ರ ಫಲಕಾರಿ ಎಂದು ಇಟ್ಟುಕೊಳ್ಳಿ. ಆಗ ನಿಜವಾಗಿ ಗೆದ್ದವು 16, ಪೊಳ್ಳಾಗಿ ಗೆದ್ದವು ಸುಮಾರು 24. ಗೆದ್ದವುಗಳಲ್ಲೇ ಹೆಚ್ಚಿನವು ಪೊಳ್ಳು! ಪರೀಕ್ಷೆಯೂ ಅದೇ, ಗೆರೆಯೂ ಅದೇ. ಬದಲಾದದ್ದು ಪ್ರಯೋಗಕ್ಕೆ ಮುಂಚೆ ಆ ಲಸಿಕೆಗಳ ಮೇಲೆ ಎಷ್ಟು ಭರವಸೆ ಇಡಬಹುದಿತ್ತು ಎಂಬುದು ಮಾತ್ರ. ಪಿ-ಮೌಲ್ಯಕ್ಕೆ ಆ ಸಂಗತಿ ಗೊತ್ತೇ ಇಲ್ಲ. ಇನ್ನೊಂದು ಮಾತು ಸೇರಿಸಬೇಕು. ಈ ಲೆಕ್ಕದಲ್ಲಿ 0.05ರ ಕೆಳಗಿನ ಎಲ್ಲ ಫಲಿತಾಂಶಗಳೂ ಇವೆ, 0.001 ಬಂದವೂ ಸೇರಿ. 0.04ರ ಹಾಗೆ ಗೆರೆಯ ಪಕ್ಕದಲ್ಲೇ ನಿಂತವನ್ನು ಮಾತ್ರ ಆರಿಸಿಕೊಂಡರೆ ಪೊಳ್ಳಿನ ಪಾಲು ಇನ್ನೂ ಹೆಚ್ಚಾಗುತ್ತದೆ.

ಆರ್‌ವಿ144ಕ್ಕೆ ಮುಂಚೆ ಭರವಸೆ ಎಷ್ಟಿತ್ತು? ಹೆಚ್ಚಿರಲಿಲ್ಲ. ಅದರಲ್ಲಿ ಬಳಸಿದ ಏಡ್ಸ್‌ವ್ಯಾಕ್ ಲಸಿಕೆಯೊಂದನ್ನೇ ಮಾದಕ ವಸ್ತು ಚುಚ್ಚಿಕೊಳ್ಳುವವರ ನಡುವೆ ಬ್ಯಾಂಕಾಕಿನಲ್ಲಿ ಪರೀಕ್ಷಿಸಿದ್ದಾಗ ಲಸಿಕೆಯ ಗುಂಪಿನಲ್ಲಿ 106, ಪ್ಲಸೀಬೊ ಗುಂಪಿನಲ್ಲಿ 105 ಸೋಂಕು ಕಂಡಿತ್ತು; ರಕ್ಷಣೆ ಸೊನ್ನೆ. 2004ರ ಆರಂಭದಲ್ಲಿ 22 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಈ ಥಾಯ್ ಪ್ರಯೋಗದ ತರ್ಕವನ್ನೇ ಪ್ರಶ್ನಿಸಿ ಬರೆದಿದ್ದರು. ಇಂಥ ಹಿನ್ನೆಲೆಯಿದ್ದಾಗ 0.04 ಬಂದರೆ ಅನುಮಾನ ಕಡಿಮೆಯಾಗಬೇಕು, ಅದು ನ್ಯಾಯ. ಆದರೆ ಶೇ 4ಕ್ಕೆ ಇಳಿಯಬೇಕೆಂದು ಯಾವ ಲೆಕ್ಕವೂ ಹೇಳುವುದಿಲ್ಲ.

ಈಗ ಆ ಏಳು ಜನ. 2009ರ ಸೆಪ್ಟೆಂಬರ್ 24ರಂದು ಫಲಿತಾಂಶ ಪ್ರಕಟಿಸಿದಾಗ ಜಗತ್ತಿಗೆ ಹೇಳಿದ್ದು 51 ಮತ್ತು 74ರ ಲೆಕ್ಕ ಮಾತ್ರ. ಮೊದಲ ಚುಚ್ಚುಮದ್ದಿನ ಹೊತ್ತಿಗೇ ಸೋಂಕು ಇದ್ದವರು ಏಳು ಜನ ಎಂದು ಆಮೇಲೆ ತಿಳಿದು, ಅವರನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದರು. ಆಗಲೇ ತಗಲಿದ್ದ ಸೋಂಕನ್ನು ಯಾವ ಲಸಿಕೆಯೂ ತಡೆಯಲಾರದು, ಆದ್ದರಿಂದ ಹೊರಗಿಟ್ಟದ್ದಕ್ಕೆ ಒಪ್ಪುವಂಥ ಕಾರಣವಿದೆ. ಆದರೆ ಆ ಏಳರಲ್ಲಿ ಐವರು ಲಸಿಕೆಯ ಗುಂಪಿನವರು, ಇಬ್ಬರು ಪ್ಲಸೀಬೊ ಗುಂಪಿನವರು. ಅವರನ್ನೂ ಸೇರಿಸಿದರೆ 56 ಮತ್ತು 76. ಅದೇ ನಾಣ್ಯದ ಲೆಕ್ಕ ಹಾಕಿ: ಒಟ್ಟು 132, ನಡುವು 66, ಮಾನಕ ವಿಚಲನೆ 5.74, ದೂರ 10. ಪಿ-ಮೌಲ್ಯ 0.08. ಪ್ರಕಟವಾದ ಪ್ರಬಂಧದಲ್ಲಿರುವುದೂ 0.08. ಮೂರನೆಯ ಲೆಕ್ಕವೂ ಒಂದಿತ್ತು: ನಿಗದಿಯಾದ ಎಲ್ಲ ಚುಚ್ಚುಮದ್ದನ್ನೂ ಸರಿಯಾದ ಸಮಯಕ್ಕೆ ತೆಗೆದುಕೊಂಡ 12,542 ಜನರದ್ದು ಮಾತ್ರ. ಅಲ್ಲಿ 36 ಮತ್ತು 50, ಪಿ-ಮೌಲ್ಯ 0.16.

ಗದ್ದಲ ಎದ್ದದ್ದು ಇಲ್ಲಿ. ಮೂರು ಲೆಕ್ಕ, ಒಂದು ಗೆರೆಯ ಈಚೆ, ಎರಡು ಆಚೆ. ಹ್ಯಾಂಡ್‌ಔಟಿನ ಕೊನೆಯ ಸಾಲನ್ನು ಅಕ್ಷರಶಃ ಹಿಡಿದರೆ ಲಸಿಕೆ ಒಂದು ಸಲ ‘ಕೆಲಸ ಮಾಡಿತು’, ಎರಡು ಸಲ ‘ಕೆಲಸ ಮಾಡಲಿಲ್ಲ’. ಆದರೆ ಲಸಿಕೆ ಒಂದೇ, ಜನ ಬಹುಪಾಲು ಅವರೇ. ಸೋಂಕು ಎಷ್ಟು ಕಡಿಮೆಯಾಯಿತು ಎಂಬ ಅಂದಾಜನ್ನು ನೋಡಿ: ಮೊದಲ ಲೆಕ್ಕದಲ್ಲಿ ಶೇ 31.2, ಎರಡನೆಯದರಲ್ಲಿ ಶೇ 26.4, ಮೂರನೆಯದರಲ್ಲಿ ಶೇ 26.2. ಮೂರೂ ಅಕ್ಕಪಕ್ಕದಲ್ಲೇ ಇವೆ. ಮೂರನೆಯದರಲ್ಲಿ ಪಿ-ಮೌಲ್ಯ ದೊಡ್ಡದಾದದ್ದು ಲಸಿಕೆ ಸೋತಿದ್ದರಿಂದ ಅಲ್ಲ, ಸೋಂಕುಗಳ ಸಂಖ್ಯೆ 125ರಿಂದ 86ಕ್ಕೆ ಇಳಿದದ್ದರಿಂದ ಮುಖ್ಯವಾಗಿ. ನಾಣ್ಯ ಕಡಿಮೆ ಸಲ ಚಿಮ್ಮಿದರೆ ಅದೃಷ್ಟಕ್ಕೆ ಆಟವಾಡಲು ಜಾಗ ಹೆಚ್ಚು. ಪಿ-ಮೌಲ್ಯ ಗೆರೆಯ ಆಚೆ ಬಿದ್ದರೆ ‘ಶೂನ್ಯ ಊಹೆಯನ್ನು ತಿರಸ್ಕರಿಸಲು ಆಗಲಿಲ್ಲ’ ಎನ್ನಬೇಕು, ‘ಶೂನ್ಯ ಊಹೆ ನಿಜ’ ಎನ್ನಬಾರದು ಎಂದು ಒಳ್ಳೆಯ ಹ್ಯಾಂಡ್‌ಔಟುಗಳು ಒತ್ತಿ ಹೇಳುವುದು ಈ ಕಾರಣಕ್ಕೆ. ಸಾಕ್ಷ್ಯ ಸಾಲಲಿಲ್ಲ ಎಂಬುದು ಒಂದು ಮಾತು, ಫಲವಿಲ್ಲ ಎಂದು ಸಾಬೀತಾಯಿತು ಎಂಬುದು ಇನ್ನೊಂದು ಮಾತು.

ಗೆರೆ ಎಷ್ಟು ತೆಳು ಎಂದು ನೋಡಬೇಕಾದರೆ ಒಂದೇ ಒಂದು ಸೋಂಕನ್ನು ಸೇರಿಸಿ ನೋಡಿ. 51ರ ಬದಲು 52 ಇದ್ದಿದ್ದರೆ, ನಾಣ್ಯದ ಲೆಕ್ಕದಲ್ಲಿ ಪಿ-ಮೌಲ್ಯ ಸರಿಯಾಗಿ 0.05ರ ಮೇಲೆ ಬಂದು ಕೂರುತ್ತಿತ್ತು. 53 ಇದ್ದಿದ್ದರೆ 0.06. ಹದಿನಾರು ಸಾವಿರ ಜನರ ಪ್ರಯೋಗ, ಇಬ್ಬರು ಹೆಚ್ಚಾದರೆ ಪತ್ರಿಕೆಯ ಶೀರ್ಷಿಕೆ ತಿರುಗಿಬೀಳುತ್ತದೆ. ಲಸಿಕೆಯ ಬಗ್ಗೆ ನಮಗೆ ಗೊತ್ತಿರುವುದು ಆ ಇಬ್ಬರಿಂದ ಅಷ್ಟೊಂದು ಬದಲಾಗಲು ಸಾಧ್ಯವಿಲ್ಲ. 0.04 ಮತ್ತು 0.08ನ್ನು ಗೆಲುವು ಸೋಲು ಎಂದು ಬೇರೆ ಮಾಡಿ ಬರೆಯುವ ಅಭ್ಯಾಸ ಹಾನಿಕರ ಎಂದೇ ನನ್ನ ಅಭಿಪ್ರಾಯ. ಹ್ಯಾಂಡ್‌ಔಟಿನಲ್ಲಿ ತಿದ್ದಬೇಕಾದ ಒಂದು ಸಾಲು ಇದ್ದರೆ ಅದು ಆ ಕೊನೆಯ ಸಾಲೇ.

ಫಲದ ಗಾತ್ರದ ಬಗ್ಗೆಯೂ ಪಿ-ಮೌಲ್ಯ ಬಾಯಿ ಬಿಡುವುದಿಲ್ಲ. ಮೂರು ಪ್ರಯೋಗಗಳನ್ನು ಊಹಿಸಿಕೊಳ್ಳಿ, ಮೂರರಲ್ಲೂ ಗುಂಪುಗಳು ಸಮ. ಒಂದರಲ್ಲಿ ಲಸಿಕೆಯ ಕಡೆ 5 ಸೋಂಕು, ಪ್ಲಸೀಬೊ ಕಡೆ 15. ಇಷ್ಟು ಸಣ್ಣ ಸಂಖ್ಯೆಗೆ z ಸೂತ್ರ ಒರಟಾಗುತ್ತದೆ; ನಾಣ್ಯದ ಸಂಭವಗಳನ್ನು ನೇರವಾಗಿ ಕೂಡಿದರೆ ಪಿ-ಮೌಲ್ಯ 0.04. ಇನ್ನೊಂದು ನಮ್ಮ 51 ಮತ್ತು 74, ಅದೂ 0.04. ಮತ್ತೊಂದು ಭಾರೀ ಪ್ರಯೋಗ: 6,135 ಮತ್ತು 6,365. ಅಲ್ಲೂ ಪಿ-ಮೌಲ್ಯ 0.04. ಆದರೆ ಮೊದಲನೆಯದರಲ್ಲಿ ಸೋಂಕು ಮೂರರಲ್ಲಿ ಎರಡು ಪಾಲು ಕಡಿಮೆಯಾಗಿದೆ, ಎರಡನೆಯದರಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ, ಮೂರನೆಯದರಲ್ಲಿ ಶೇ 4ಕ್ಕಿಂತಲೂ ಕಡಿಮೆ. ಯಾವ ಆರೋಗ್ಯ ಇಲಾಖೆಯೂ ಶೇ 4ರ ಲಸಿಕೆಯನ್ನು ಕೊಳ್ಳುವುದಿಲ್ಲ. ‘ಸಿಗ್ನಿಫಿಕೆಂಟ್’ ಎಂಬ ಮುದ್ರೆ ಮಾತ್ರ ಮೂರಕ್ಕೂ ಒಂದೇ ಥರ ಬೀಳುತ್ತದೆ.

ಗಾತ್ರ ತಿಳಿಯಬೇಕಾದರೆ ಅಂದಾಜನ್ನೂ ಅದರ ವಿಶ್ವಾಸಾಂತರವನ್ನೂ ಕೇಳಬೇಕು. ಆರ್‌ವಿ144ರಲ್ಲಿ ರಕ್ಷಣೆಯ ಅಂದಾಜು ಶೇ 31.2, ಶೇ 95ರ ವಿಶ್ವಾಸಾಂತರ 1.1ರಿಂದ 52.1. ಲಸಿಕೆ ಸೋಂಕನ್ನು ಅರ್ಧಕ್ಕೆ ಇಳಿಸುತ್ತದೆ ಎಂದರೂ ಈ ಅಂಕಿಗಳಿಗೆ ವಿರೋಧವಿಲ್ಲ, ಹೆಚ್ಚುಕಡಿಮೆ ಏನೂ ಮಾಡುವುದಿಲ್ಲ ಎಂದರೂ ವಿರೋಧವಿಲ್ಲ. ಇಷ್ಟು ಅಗಲವಾದ ಅಂತರವನ್ನು ಕಣ್ಣಾರೆ ನೋಡಿದವರು ಸಂಭ್ರಮವನ್ನೂ ತಿರಸ್ಕಾರವನ್ನೂ ತುಸು ತಡೆದುಕೊಳ್ಳುತ್ತಾರೆ. ಜೊತೆಗೆ ಶೇಕಡಾವಾರಿನ ಹಿಂದಿರುವ ತಲೆ ಎಣಿಕೆಯನ್ನೂ ನೋಡಬೇಕು: ಪ್ಲಸೀಬೊ ಪಡೆದ 10,000 ಜನರಲ್ಲಿ ಸುಮಾರು 90 ಸೋಂಕು, ಲಸಿಕೆ ಪಡೆದ 10,000 ಜನರಲ್ಲಿ ಸುಮಾರು 62. ವ್ಯತ್ಯಾಸ 28.

ಪಿ-ಮೌಲ್ಯಕ್ಕೆ ಗೊತ್ತಿಲ್ಲದ ಇನ್ನೂ ಒಂದು ಸಂಗತಿ ಪ್ರಯೋಗ ನಡೆದ ರೀತಿ. ಗುಂಪು ಮಾಡುವಾಗ ಯಾರಾದರೂ ಕೈಯಾಡಿಸಿದ್ದರೆ, ಗುಟ್ಟು ಬಯಲಾಗಿ ಲಸಿಕೆ ಸಿಕ್ಕವರು ಎಚ್ಚರ ತಪ್ಪಿ ನಡೆದುಕೊಂಡಿದ್ದರೆ, ಒಂದು ಗುಂಪಿನವರೇ ಹೆಚ್ಚಾಗಿ ನಡುವೆ ಬಿಟ್ಟುಹೋಗಿದ್ದರೆ, 51 ಮತ್ತು 74 ಎಂಬ ಅಂಕಿಗಳೇ ವಕ್ರವಾಗಿರುತ್ತವೆ. ಸೂತ್ರ ಅವುಗಳನ್ನೂ ಅಷ್ಟೇ ನಿಷ್ಠೆಯಿಂದ 0.04 ಮಾಡಿ ಕೊಡುತ್ತದೆ. ಹತ್ತು ಬಗೆಯ ಲೆಕ್ಕ ಹಾಕಿ ಚೆನ್ನಾಗಿ ಬಂದದ್ದನ್ನು ಮಾತ್ರ ತೋರಿಸಿದರೂ ಹೀಗೆಯೇ. ಗೆರೆಯ ಪಕ್ಕದ ಪಿ-ಮೌಲ್ಯವೊಂದು ಎದುರಾದರೆ ನಾನು ಮೊದಲು ಹುಡುಕುವುದು ಮುಖ್ಯ ಲೆಕ್ಕ ಯಾವುದೆಂದು ಗುಟ್ಟು ಒಡೆಯುವ ಮುಂಚೆಯೇ ಬರೆದಿಟ್ಟಿದ್ದರೇ ಎಂಬುದನ್ನು, ಆಮೇಲೆ ಉಳಿದ ಲೆಕ್ಕಗಳನ್ನೂ ಪ್ರಬಂಧದಲ್ಲಿ ಕೊಟ್ಟಿದ್ದಾರೆಯೇ ಎಂಬುದನ್ನು. ಥಾಯ್ ಪ್ರಯೋಗದ ಪ್ರಬಂಧ 2009ರ ಅಕ್ಟೋಬರಿನಲ್ಲಿ ಹೊರಬಂದಾಗ ಮೂರೂ ಲೆಕ್ಕಗಳು ಅದರಲ್ಲಿದ್ದವು. ಸೆಪ್ಟೆಂಬರಿನಲ್ಲೇ ಮೂರನ್ನೂ ಒಟ್ಟಿಗೆ ಹೇಳಿದ್ದರೆ ಅನುಮಾನಕ್ಕೆ ಅಷ್ಟು ಎಡೆ ಇರುತ್ತಿರಲಿಲ್ಲ.

2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ ಪಿ-ಮೌಲ್ಯದ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಬೇಕಾಯಿತು. ಪಿ-ಮೌಲ್ಯ ಊಹೆ ನಿಜವಾಗಿರುವ ಸಂಭವವನ್ನು ಅಳೆಯುವುದಿಲ್ಲ, ಫಲದ ಗಾತ್ರವನ್ನು ಅಳೆಯುವುದಿಲ್ಲ, ಗೆರೆ ದಾಟಿತೇ ಇಲ್ಲವೇ ಎಂಬುದೊಂದರ ಮೇಲೆ ತೀರ್ಮಾನ ನಿಲ್ಲಬಾರದು ಎಂದು ಅದರಲ್ಲಿ ಹೇಳಿದೆ. ಅದು ಬಂದ ವರ್ಷವೇ ದಕ್ಷಿಣ ಆಫ್ರಿಕದಲ್ಲಿ ಆರ್‌ವಿ144ರ ಮುಂದಿನ ಪ್ರಯೋಗ ಶುರುವಾಯಿತು, ಎಚ್‌ವಿಟಿಎನ್ 702 ಎಂದು. ಗೆರೆಯ ಪಕ್ಕದ ಒಂದು ಫಲಿತಾಂಶವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ: ಮತ್ತೊಂದು ಪ್ರಯೋಗ.

ಅಲ್ಲಿ 5,404 ಜನರಿದ್ದರು. ಕೆಲಸ ಆಗುತ್ತಿಲ್ಲ ಎಂದು ಕಂಡುಬಂದು 2020ರ ಆರಂಭದಲ್ಲಿ ಲಸಿಕೆ ಕೊಡುವುದನ್ನು ನಿಲ್ಲಿಸಿದರು. ಪ್ರಕಟವಾದ ಲೆಕ್ಕದಲ್ಲಿ ಲಸಿಕೆಯ ಗುಂಪಿನಲ್ಲಿ 138 ಸೋಂಕು, ಪ್ಲಸೀಬೊ ಗುಂಪಿನಲ್ಲಿ 133. ಹಾಗಾದರೆ ಥಾಯ್ ಫಲಿತಾಂಶ ಅದೃಷ್ಟದ ಆಟವೇ ಆಗಿತ್ತೇ? ಇದನ್ನು ಯಾವ ಪಿ-ಮೌಲ್ಯವೂ ಹೇಳಲಾರದು. ದಕ್ಷಿಣ ಆಫ್ರಿಕದಲ್ಲಿ ಹರಡಿರುವ ವೈರಸ್‌ನ ಉಪಬಗೆ ಬೇರೆ, ಅದಕ್ಕಾಗಿ ಲಸಿಕೆಯನ್ನೂ ಅದರ ಜೊತೆ ಬೆರೆಸುವ ಉತ್ತೇಜಕವನ್ನೂ ಬದಲಿಸಿದ್ದರು, ಸೋಂಕು ಹರಡುವ ವೇಗವೂ ಅಲ್ಲಿ ಹಲವು ಪಟ್ಟು ಹೆಚ್ಚು. ಆದರೆ ಅಲ್ಲಿನ ಪ್ರಶ್ನೆಗೆ ಅಲ್ಲಿನ ವಿಶ್ವಾಸಾಂತರ ಉತ್ತರಿಸುತ್ತದೆ. ಲಸಿಕೆ ಪಡೆದವರಿಗೆ ಸೋಂಕು ತಗಲುವ ದರ ಪ್ಲಸೀಬೊದವರ ದರದ 0.81 ಪಟ್ಟಿನಿಂದ 1.30 ಪಟ್ಟಿನ ನಡುವೆ ಎಂದು ಬಂತು. ಅಂದರೆ ಎಷ್ಟೇ ಉದಾರವಾಗಿ ಓದಿದರೂ ರಕ್ಷಣೆ ಸುಮಾರು ಶೇ 19ರಷ್ಟು, ಇನ್ನೊಂದು ತುದಿಯಲ್ಲಿ ಶೇ 30ರಷ್ಟು ಹೆಚ್ಚುವರಿ ಸೋಂಕು. ಥಾಯ್ಲೆಂಡಿನಲ್ಲಿ ಅಂದಾಜಾದ ಶೇ 31ರ ರಕ್ಷಣೆ ಆ ಅಂತರದೊಳಗೆ ಇಲ್ಲ.